ಗಂಟು ದಾಟಿದ ಅಲೆ ಎತ್ತರವಾದದ್ದೇಕೆ?

ಪ್ರಶ್ನೆ: ರಜೆಯಲ್ಲಿ ಅಣ್ಣನೂ ನಾನೂ ಅಂಗಳದಲ್ಲಿ ತೆಳುವಾದ ನೈಲಾನ್ ಹಗ್ಗಕ್ಕೆ ದಪ್ಪ ಹಗ್ಗವೊಂದನ್ನು ಗಂಟು ಹಾಕಿ ಅಲೆ ಬಿಟ್ಟು ನೋಡಿದೆವು. ತೆಳು ಕಡೆಯಿಂದ ಬಿಟ್ಟಾಗ ಪುಸ್ತಕದಲ್ಲಿ ಹೇಳಿದಂತೆ ತಲೆಕೆಳಗಾದ ಅಲೆ ಮರಳಿತು. ದಪ್ಪ ಕಡೆಯಿಂದ ಬಿಟ್ಟರೆ ಎರಡು ವಿಚಿತ್ರ ಕಂಡೆವು. ದಾಟಿಹೋದ ಅಲೆ ನಾನು ಕೈಯಿಂದ ಕೊಟ್ಟದ್ದಕ್ಕಿಂತ ಎತ್ತರವಾಗಿತ್ತು. ಮರಳಿ ಬಂದದ್ದು ನೆಟ್ಟಗಿರಬೇಕಿತ್ತು, ನನಗೆ ಕಂಡದ್ದು ಮಾತ್ರ ತಲೆಕೆಳಗಾದ ಅಲೆಯೇ. ಹೆಚ್ಚಿನ ಶಕ್ತಿ ಎಲ್ಲಿಂದ ಬಂತು? ಪುಸ್ತಕ ತಪ್ಪೋ, ನಮ್ಮ ಕಣ್ಣು ತಪ್ಪೋ?
— ಪ್ರಥಮ ಪಿಯುಸಿ ವಿದ್ಯಾರ್ಥಿನಿ, ಮಲ್ಪೆ

ಉತ್ತರ: ಹೆಚ್ಚಿನ ಶಕ್ತಿ ಎಲ್ಲಿಂದಲೂ ಬಂದಿಲ್ಲ. ನೀವು ಕೊಟ್ಟ ಶಕ್ತಿಯಲ್ಲಿ ಒಂದು ಪಾಲು ಗಂಟಿನಿಂದಲೇ ಹಿಂದಿರುಗಿದೆ; ಉಳಿದದ್ದಷ್ಟೇ ಆ ಎತ್ತರದ ಅಲೆಯಲ್ಲಿ ದಾಟಿದೆ. ಪುಸ್ತಕವೂ ತಪ್ಪಲ್ಲ, ನಿಮ್ಮ ಕಣ್ಣೂ ತಪ್ಪಲ್ಲ. ನೀವು ಕಂಡ ತಲೆಕೆಳಗಾದ ಅಲೆ ಗಂಟಿನಿಂದ ಬಂದದ್ದೇ ಅಲ್ಲ. ಅದು ಬೇರೆ ಕಡೆಯಿಂದ ಬಂದ ಅತಿಥಿ. ಅದರ ವಿಳಾಸವನ್ನು ಕೊನೆಯಲ್ಲಿ ಹೇಳುತ್ತೇನೆ, ಯಾಕೆಂದರೆ ಅದಕ್ಕೆ ಮೊದಲು ಅಲೆಗಳ ವೇಗ ಕೈಯಲ್ಲಿರಬೇಕು.

ನಿಮ್ಮ ಹಗ್ಗಗಳ ಅಳತೆಯನ್ನು ನೀವು ಬರೆದಿಲ್ಲ. ಹಾಗಾಗಿ ನಾನು ಪಾಠ ಮಾಡುತ್ತಿದ್ದಾಗ ಇಟ್ಟುಕೊಂಡಿದ್ದ ಜೋಡಿಯನ್ನೇ ತೆಗೆದುಕೊಳ್ಳುತ್ತೇನೆ. ಎರಡೂ ನೈಲಾನ್, ಎರಡೂ 8 ಮೀಟರ್ ಉದ್ದ. ಒಂದು ಸುಮಾರು 6 ಮಿಲಿಮೀಟರ್ ದಪ್ಪ, ಇನ್ನೊಂದು 12 ಮಿಲಿಮೀಟರ್. ಸುರುಳಿ ಸುತ್ತಿ ಅಂಗಡಿಯ ತಕ್ಕಡಿಯಲ್ಲಿಟ್ಟರೆ ತೆಳುವಿನದು 160 ಗ್ರಾಂ, ದಪ್ಪದ್ದು 640 ಗ್ರಾಂ ತೂಗುತ್ತಿತ್ತು. ಅಂದರೆ ಮೀಟರಿಗೆ 20 ಗ್ರಾಂ ಮತ್ತು 80 ಗ್ರಾಂ. ದಪ್ಪ ಇಮ್ಮಡಿಯಾದರೆ ತೂಕ ನಾಲ್ಕು ಮಡಿಯಾಗುತ್ತದೆ ಎಂಬುದನ್ನು ಗಮನಿಸಿ. ಮೀಟರಿಗೆ ಇಷ್ಟು ಎಂಬ ಈ ತೂಕವನ್ನೇ ರೇಖೀಯ ಸಾಂದ್ರತೆ, μ, ಎನ್ನುತ್ತೇವೆ. ಹಗ್ಗದ ಒಂದು ತುದಿ ಕೈಯಲ್ಲಿ; ಇನ್ನೊಂದು ತುದಿ ಮರಕ್ಕೆ ಕಟ್ಟಿದ ಬಾವಿಯ ರಾಟೆಯ ಮೇಲೆ ಹಾದು ಕೆಳಗೆ ನೀರಿನ ಬಾಲ್ದಿಯನ್ನು ಹೊತ್ತಿದೆ. ಬಾಲ್ದಿಯೂ ನೀರೂ ಸೇರಿ 3 ಕಿಲೋ 250 ಗ್ರಾಂ ಇರುವಂತೆ ನೀರು ತುಂಬಿದರೆ ಹಗ್ಗದ ಬಿಗಿತ, T, ಸುಮಾರು 32 ನ್ಯೂಟನ್. ಗಂಟಿನ ಆಚೆಗೂ ಈಚೆಗೂ ಬಿಗಿತ ಒಂದೇ. ಎರಡು ಕಡೆಗಳಲ್ಲಿ ಬೇರೆಯಾಗಿರುವುದು μ ಮಾತ್ರ.

ತೆಂಗಿನ ನಾರಿನ ಹಗ್ಗ ಬೇಡವೇ ಎಂದು ಕೆಲವರು ಕೇಳುವುದುಂಟು. ಬೇಡ. ಅದರ ಎಳೆಗಳು ಒಂದಕ್ಕೊಂದು ಉಜ್ಜಿ ಅಲೆಯನ್ನು ದಾರಿಯಲ್ಲೇ ತಿಂದುಹಾಕುತ್ತವೆ. ಆಟಿಯ ಮಳೆಯಲ್ಲಿ ನೆನೆದರಂತೂ ನೀರು ಕುಡಿದು ತೂಕವೇ ಬದಲಾಗಿರುತ್ತದೆ, ಬೆಳಗ್ಗೆ ತೂಗಿದ್ದು ಸಂಜೆಗೆ ನಿಲ್ಲುವುದಿಲ್ಲ.

ಈಗ ವೇಗ. v = √(T/μ) ಎಂಬ ಸೂತ್ರ ನಿಮ್ಮ ಪುಸ್ತಕದಲ್ಲಿದೆ. ಅದು ಎಲ್ಲಿಂದ ಹುಟ್ಟುತ್ತದೆ ಎಂಬುದನ್ನು ಮಾತ್ರ ನನ್ನ ರೀತಿಯಲ್ಲಿ ಹೇಳುತ್ತೇನೆ. ಅಲೆಯ ಪಕ್ಕದಲ್ಲೇ, ಅದರಷ್ಟೇ ವೇಗವಾಗಿ ನೀವು ಓಡುತ್ತಿದ್ದೀರಿ ಎಂದುಕೊಳ್ಳಿ. ಆಗ ನಿಮ್ಮ ಕಣ್ಣಿಗೆ ಉಬ್ಬು ನಿಂತಲ್ಲೇ ನಿಂತಿರುತ್ತದೆ, ಹಗ್ಗವೇ ಎದುರಿನಿಂದ ವೇಗ v ಯಲ್ಲಿ ಹರಿದುಬಂದು, ಉಬ್ಬನ್ನು ಹತ್ತಿ ಇಳಿದು ಹಿಂದಕ್ಕೆ ಹೋಗುತ್ತಿರುತ್ತದೆ. ಉಬ್ಬಿನ ನೆತ್ತಿಯ ಮೇಲಿನ ಒಂದು ಪುಟ್ಟ ತುಂಡನ್ನು ನೋಡಿ. ಅದು R ತ್ರಿಜ್ಯದ ವೃತ್ತದ ಒಂದು ಚೂರು, ಕೇಂದ್ರದಲ್ಲಿ ಅದರ ಕೋನ θ. ಎರಡೂ ತುದಿಗಳಿಂದ ಎಳೆಯುವ ಬಿಗಿತ ಸೇರಿ ಅದನ್ನು ಒಳಕ್ಕೆ Tθ ದಷ್ಟು ಎಳೆಯುತ್ತದೆ. ಆ ತುಂಡಿನ ತೂಕ μRθ; ಅದು ತಿರುವಿನಲ್ಲಿ ಸಾಗಲು ಬೇಕಾದ ಬಲ μRθ × v²/R, ಅಂದರೆ μθv². ಎರಡನ್ನೂ ಸಮ ಮಾಡಿ: v² = T/μ. ತ್ರಿಜ್ಯ R ಕಣ್ಮರೆಯಾಯಿತು. ಚೂಪು ಉಬ್ಬಾಗಲಿ, ಮೊಂಡು ಉಬ್ಬಾಗಲಿ, ಕೈಯನ್ನು ಎಷ್ಟು ರಭಸದಿಂದ ಎತ್ತಿದರೂ ವೇಗ ಅಷ್ಟೇ ಎಂಬುದರ ಗುಟ್ಟು ಇಲ್ಲಿದೆ. ಉಬ್ಬು ತೀರಾ ಎತ್ತರವಾಗಿ ಹಗ್ಗವೇ ಹಿಗ್ಗುವಂತಾದರೆ ಈ ಲೆಕ್ಕ ಕೆಡುತ್ತದೆ. ಒಂದೆರಡು ಮೀಟರ್ ಉದ್ದದ, ಗೇಣಿಗಿಂತ ಕಡಿಮೆ ಎತ್ತರದ ಉಬ್ಬಿಗೆ ಆ ಭಯವಿಲ್ಲ.

ನಮ್ಮ ಜೋಡಿಗೆ ಹಾಕಿದರೆ ತೆಳು ಹಗ್ಗದಲ್ಲಿ √(32/0.02) = 40 ಮೀಟರ್ ಪ್ರತಿ ಸೆಕೆಂಡಿಗೆ, ದಪ್ಪ ಹಗ್ಗದಲ್ಲಿ √(32/0.08) = 20 ಮೀಟರ್. ಈ ಎರಡು ಸಂಖ್ಯೆಗಳನ್ನು ನೆನಪಿಡಿ.

ಇನ್ನು ಗಂಟಿನ ಬಳಿಗೆ ಹೋಗೋಣ. 'ಸಾಂದ್ರ ಮಾಧ್ಯಮಕ್ಕೆ ತಗುಲಿದರೆ ತಲೆಕೆಳಗು, ವಿರಳಕ್ಕೆ ತಗುಲಿದರೆ ನೆಟ್ಟಗೆ' ಎಂದು ಉರು ಹೊಡೆಸುವ ಪದ್ಧತಿ ನನಗೆ ಹಿಡಿಸುವುದಿಲ್ಲ. ನೆನಪಿಗೆ ಅದು ಸಲೀಸು, ಆದರೆ ಯಾಕೆ ಎಂದು ಕೇಳಿದರೆ ಬಾಯಿ ಕಟ್ಟುತ್ತದೆ. ಅದರ ಬದಲು ಒಂದೇ ಪ್ರಶ್ನೆ ಕೇಳಿಕೊಳ್ಳಿ: ಗಂಟು ಎಷ್ಟು ಏರಿತು? ಅದು ಗೊತ್ತಾದರೆ ಉಳಿದದ್ದೆಲ್ಲ ತಾನಾಗಿ ಬರುತ್ತದೆ.

ಕೈಯಲ್ಲಿ ಹಗ್ಗದ ತುದಿ ಹಿಡಿದು ಮೇಲಕ್ಕೆ ಎತ್ತಿದಾಗ ಹಗ್ಗ ನಿಮ್ಮ ಕೈಯನ್ನು ತಡೆಯುತ್ತದೆ. ಎಷ್ಟು ವೇಗವಾಗಿ ಎತ್ತುತ್ತೀರೋ ಅಷ್ಟು ಹೆಚ್ಚು ತಡೆ. ಒಂದು ಘಟಕ ವೇಗಕ್ಕೆ ಎಷ್ಟು ಬಲ ಬೇಕು ಎಂಬ ಅಳತೆಗೆ ಇಂಪಿಡೆನ್ಸ್ ಎಂದು ಹೆಸರು, Z = √(Tμ). ಎಂಜಿನಿಯರಿಂಗ್ ಓದುವವರು ಕೇಬಲ್ಲುಗಳ ಪಾಠದಲ್ಲಿ ಇದೇ ಹೆಸರನ್ನು ಮತ್ತೆ ಕೇಳುತ್ತಾರೆ. ನಾನು ಇಲ್ಲಿ ಸುಮ್ಮನೆ 'ತಡೆ' ಎನ್ನುತ್ತೇನೆ. ತೆಳು ಹಗ್ಗದ ತಡೆ √(32 × 0.02) = 0.8. ದಪ್ಪ ಹಗ್ಗದ್ದು √(32 × 0.08) = 1.6. ಸರಿಯಾಗಿ ಇಮ್ಮಡಿ.

ತೆಳು ಕಡೆಯಿಂದ 9 ಸೆಂಟಿಮೀಟರ್ ಎತ್ತರದ ಅಲೆ ಗಂಟಿನತ್ತ ಬರುತ್ತಿದೆ ಎನ್ನಿ. ಗಂಟಿನ ಆಚೆ ಏನೂ ಇಲ್ಲದೆ, ತುದಿ ಮೇಲೆ ಕೆಳಗೆ ಸ್ವತಂತ್ರವಾಗಿ ಆಡುವಂತಿದ್ದರೆ ಅದು 9 ಅಲ್ಲ, 18 ಸೆಂಟಿಮೀಟರ್ ಏರುತ್ತಿತ್ತು. ಬಂದ ಅಲೆಯೂ ಮರಳುವ ಅಲೆಯೂ ಅಲ್ಲಿ ಒಂದರ ಮೇಲೊಂದು ಕೂಡುತ್ತವೆ. ಆದರೆ ಆಚೆ ದಪ್ಪ ಹಗ್ಗವಿದೆ, ಗಂಟು 18 ಮುಟ್ಟುವುದಿಲ್ಲ. ಗಂಟು h ನಷ್ಟು ಏರಿತು ಎಂದರೆ 18ಕ್ಕೆ ಎಷ್ಟು ಕಡಿಮೆ ಬಿತ್ತೋ ಅಷ್ಟಕ್ಕೆ ತಕ್ಕಂತೆ ತೆಳು ಹಗ್ಗ ಅದನ್ನು ಮೇಲಕ್ಕೆ ತಳ್ಳುತ್ತಿರುತ್ತದೆ: 0.8 × (18 − h). ದಪ್ಪ ಹಗ್ಗ ಕೆಳಕ್ಕೆ ತಡೆಯುವುದು 1.6 × h. ಗಂಟಿಗೆ ತೂಕವೇ ಇಲ್ಲ ಎಂದು ಸದ್ಯಕ್ಕೆ ಒಪ್ಪಿಕೊಂಡರೆ ಇವೆರಡೂ ಸಮನಾಗಿರಲೇಬೇಕು. 14.4 = 2.4h, ಆದ್ದರಿಂದ h = 6. (ನಿಜವಾಗಿ ಈ ಬಲಗಳು ವೇಗಕ್ಕೆ ಸೇರಿದವು, ಆದರೆ ಮೂರೂ ಅಲೆಗಳು ಗಂಟಿನಲ್ಲಿ ಒಂದೇ ತಾಳದಲ್ಲಿ ಏರಿಳಿಯುವುದರಿಂದ ವೇಗದ ಬದಲು ಎತ್ತರವನ್ನೇ ಹಾಕಿದರೂ ಲೆಕ್ಕ ಕೂಡುತ್ತದೆ.)

ದಪ್ಪ ಹಗ್ಗದ ತುದಿಯೂ ಆ ಗಂಟೇ ಆದ್ದರಿಂದ ದಾಟುವ ಅಲೆಯ ಎತ್ತರ 6 ಸೆಂಟಿಮೀಟರ್. ಮರಳುವ ಅಲೆ? ಬಂದ ಅಲೆ ಗಂಟನ್ನು 9ಕ್ಕೆ ಏರಿಸಲು ಬಂದಿತ್ತು. ಏರಿದ್ದು 6. ತೆಳು ಹಗ್ಗ ಗಂಟಿನಲ್ಲಿ ಕಡಿದುಹೋಗಿಲ್ಲವಲ್ಲ, ಹಾಗಾಗಿ ಅದರ ತುದಿಯೂ 6ರಲ್ಲೇ ಇರಬೇಕು. 9ಕ್ಕೆ −3 ಕೂಡಿದರೆ ಮಾತ್ರ 6 ಬರುತ್ತದೆ. ಆ ಕೊರತೆಯ 3 ಸೆಂಟಿಮೀಟರ್, ಕೆಳಮುಖವಾಗಿ, ಬಂದ ದಾರಿಯಲ್ಲೇ ಹಿಂದಕ್ಕೆ ಹೊರಡುತ್ತದೆ. ತೆಳು ಕಡೆಯಿಂದ ಬಿಟ್ಟಾಗ ನೀವು ಕಂಡ ತಲೆಕೆಳಗಾದ ಅಲೆ ಇದು. ಗೋಡೆಗೆ ಮೊಳೆ ಹೊಡೆದು ಕಟ್ಟಿದ ಹಗ್ಗವಾದರೆ ಗಂಟು ಏರುವುದೇ ಇಲ್ಲ. ಕೊರತೆ ಪೂರ್ತಿ 9, ಮರಳುವುದೂ ಪೂರ್ತಿ −9.

ಈಗ ದಿಕ್ಕು ಬದಲಿಸಿ. ದಪ್ಪ ಕಡೆಯಿಂದ 9 ಸೆಂಟಿಮೀಟರಿನ ಅಲೆ ಬಂದಾಗ 1.6 × (18 − h) = 0.8 × h, ಅಂದರೆ 28.8 = 2.4h, h = 12. ಬಲಶಾಲಿ ಹಗ್ಗ ತಳ್ಳುತ್ತಿದೆ, ಹಗುರದ ಹಗ್ಗ ತಡೆಯುತ್ತಿದೆ. ಗಂಟು ಬಂದ ಅಲೆಗಿಂತ ಎತ್ತರಕ್ಕೆ ಏರದೆ ಬೇರೆ ದಾರಿಯಿಲ್ಲ. ದಾಟುವುದು 12. ಈ ಸಲ ಕೊರತೆಯಿಲ್ಲ, 3 ಸೆಂಟಿಮೀಟರ್ ಮಿಗತೆ ಇದೆ. ಅದು ನೆಟ್ಟಗೆ ಹಿಂದಕ್ಕೆ ಮರಳುತ್ತದೆ.

ದಾಟಿದ ಅಲೆ ಎರಡೂ ಸಂದರ್ಭಗಳಲ್ಲಿ ನೆಟ್ಟಗೇ ಇದೆ ನೋಡಿ. ಬಂದ ಅಲೆ ಮೇಲ್ಮುಖವಾಗಿರುವಾಗ ಗಂಟು ಕೆಳಕ್ಕೆ ಹೋಗುವ ಪ್ರಶ್ನೆಯೇ ಏಳುವುದಿಲ್ಲ.

ಇನ್ನು ನಿಮ್ಮನ್ನು ಕಾಡಿದ ಶಕ್ತಿಯ ವಿಚಾರ. ಅದು ನೀವು ಬರೆದದ್ದಕ್ಕಿಂತಲೂ ಕಗ್ಗಂಟಾಗಿ ಕಾಣುತ್ತದೆ, ಏಕೆಂದರೆ ದಾಟಿದ ಅಲೆ ಎತ್ತರವಷ್ಟೇ ಅಲ್ಲ, ಉದ್ದವೂ ಹೆಚ್ಚು. ನೀವು ಕೈಯನ್ನು ಮೇಲಕ್ಕೆತ್ತಿ ಇಳಿಸಲು ಸೆಕೆಂಡಿನ ಹತ್ತನೆಯ ಒಂದು ಭಾಗ ತೆಗೆದುಕೊಂಡಿರಿ ಎನ್ನೋಣ. ದಪ್ಪ ಹಗ್ಗದಲ್ಲಿ ಆ ಹೊತ್ತಿಗೆ ಅಲೆಯ ತಲೆ 2 ಮೀಟರ್ ಮುಂದೆ ಹೋಗಿರುತ್ತದೆ, ಆದ್ದರಿಂದ ಅಲೆಯ ಉದ್ದ 2 ಮೀಟರ್. ಗಂಟು ಏರಿಳಿಯಲೂ ಅದೇ ಹತ್ತನೆಯ ಒಂದು ಸೆಕೆಂಡು ಬೇಕು. ಆದರೆ ಆಚೆ ಕಡೆ ವೇಗ 40, ಆದ್ದರಿಂದ ಅಲ್ಲಿ ಅಲೆಯ ಉದ್ದ 4 ಮೀಟರ್. 9 ಸೆಂಟಿಮೀಟರ್ ಎತ್ತರ, 2 ಮೀಟರ್ ಉದ್ದದ ಅಲೆ ಹೋಗಿ 12 ಸೆಂಟಿಮೀಟರ್ ಎತ್ತರ, 4 ಮೀಟರ್ ಉದ್ದದ ಅಲೆಯಾಯಿತು!

ಆದರೆ ಆ ಅಲೆಯೊಳಗೆ ಎಷ್ಟು ಹಗ್ಗ ಅಲುಗುತ್ತಿದೆ ಎಂದು ತೂಗಿ. ದಪ್ಪ ಹಗ್ಗದ 2 ಮೀಟರ್ ಎಂದರೆ 160 ಗ್ರಾಂ. ತೆಳು ಹಗ್ಗದ 4 ಮೀಟರ್ ಎಂದರೆ 80 ಗ್ರಾಂ. ಅಲುಗುವ ತೂಕ ಅರ್ಧಕ್ಕೆ ಇಳಿದಿದೆ. ಅಷ್ಟೇ ಹೊತ್ತಿನಲ್ಲಿ 9ರ ಬದಲು 12 ಏರಬೇಕಾದ್ದರಿಂದ ಹಗ್ಗದ ಕಣಗಳ ಮೇಲೆ-ಕೆಳಗಿನ ವೇಗ ಮೂರನೆಯ ನಾಲ್ಕರಷ್ಟು, ಅಂದರೆ 4/3 ಪಟ್ಟು. ಅದರ ವರ್ಗ 16/9. ಅರ್ಧ ತೂಕಕ್ಕೆ 16/9 ಗುಣಿಸಿದರೆ 8/9. ನೀವು ಕೊಟ್ಟ ಶಕ್ತಿಯ ಒಂಬತ್ತರಲ್ಲಿ ಎಂಟು ಪಾಲು ದಾಟಿತು. ಮರಳಿದ ಅಲೆ ಅದೇ ದಪ್ಪ ಹಗ್ಗದಲ್ಲಿ, ಅಷ್ಟೇ ಉದ್ದದಲ್ಲಿ, ಎತ್ತರ ಮಾತ್ರ ಮೂರರಲ್ಲಿ ಒಂದು. ಅದರ ಶಕ್ತಿ ಒಂಬತ್ತರಲ್ಲಿ ಒಂದು ಪಾಲು. ಲೆಕ್ಕ ಚುಕ್ತಾ. (ಇದು ಚಲನಶಕ್ತಿಯ ಲೆಕ್ಕ ಮಾತ್ರ. ಹಗ್ಗ ಬಾಗಿದ್ದರಿಂದ ಬರುವ ಸ್ಥಿತಿಶಕ್ತಿ ಒಂದೇ ದಿಕ್ಕಿಗೆ ಓಡುವ ಅಲೆಯಲ್ಲಿ ಯಾವಾಗಲೂ ಚಲನಶಕ್ತಿಯಷ್ಟೇ ಇರುತ್ತದೆ, ಆದ್ದರಿಂದ ಪಾಲುಗಳು ಬದಲಾಗುವುದಿಲ್ಲ.)

ತೆಳುವಿನಿಂದ ದಪ್ಪಕ್ಕೆ ಹೋಗುವ ಅಲೆಗೂ ಇದೇ ಲೆಕ್ಕವನ್ನು ನೀವೇ ಮಾಡಿ ನೋಡಿ. ಅಲ್ಲೂ ಎಂಟು ಪಾಲು ದಾಟುತ್ತದೆ, ಒಂದು ಪಾಲು ಮರಳುತ್ತದೆ. ಯಾವ ಕಡೆಯಿಂದ ಬಂದರೂ ಗಂಟು ಹಿಂದಕ್ಕೆ ಕಳಿಸುವ ಶಕ್ತಿಯ ಪಾಲು ಒಂದೇ. ಬದಲಾಗುವುದು ಮರಳುವ ಅಲೆಯ ಚಿಹ್ನೆ ಮಾತ್ರ. ನನಗೆ ಈ ಪಾಠದಲ್ಲಿ ಅತ್ಯಂತ ಇಷ್ಟವಾದ ಸಂಗತಿ ಇದು, ಪರೀಕ್ಷೆಯಲ್ಲಿ ಯಾರೂ ಕೇಳುವುದಿಲ್ಲ.

'ಪ್ರಾವಸ್ಥೆಯಲ್ಲಿ π ವ್ಯತ್ಯಾಸ' ಎಂದು ಪುಸ್ತಕ ಹೇಳುವುದನ್ನು ಅಲೆ ಅರ್ಧ ಆವರ್ತ ತಡವಾಗಿ ಹೊರಟಿತು ಎಂದು ತಿಳಿಯುವವರಿದ್ದಾರೆ. ಸಾಲುಸಾಲಾಗಿ ಬರುವ ಸೈನ್ ಅಲೆಗಳಲ್ಲಿ ತಲೆಕೆಳಗಾದದ್ದಕ್ಕೂ ಅರ್ಧ ಆವರ್ತ ತಡವಾದದ್ದಕ್ಕೂ ವ್ಯತ್ಯಾಸ ಕಾಣುವುದಿಲ್ಲ, ಅದಕ್ಕೇ ಈ ಗೊಂದಲ. ಒಂಟಿ ಅಲೆಯಲ್ಲಿ ಸ್ಪಷ್ಟವಾಗಿ ಕಾಣುತ್ತದೆ: ಗಂಟಿನಲ್ಲಿ ಯಾವ ತಡವೂ ಇಲ್ಲ, ಉಬ್ಬು ಇದ್ದದ್ದು ತಗ್ಗಾಯಿತು, ಅಷ್ಟೇ.

ಈಗ ನನ್ನದೇ ಒಂದು ಫಜೀತಿ. ಕೆಲಸಕ್ಕೆ ಸೇರಿದ ಹೊಸತರಲ್ಲಿ ತರಗತಿಯ ಮುಂದೆ ಇದೇ ಪ್ರಯೋಗ ಮಾಡಿದೆ. ಬಿಚ್ಚಿಹೋಗದಿರಲಿ ಎಂದು ದಪ್ಪ ಹಗ್ಗದ ತುದಿಯನ್ನು ಎರಡು ಸುತ್ತು ಸುತ್ತಿ ಭದ್ರವಾದ ಗಂಟು ಹಾಕಿದ್ದೆ. ದಪ್ಪ ಕಡೆಯಿಂದ ಅಲೆ ಬಿಟ್ಟರೆ ಮರಳಿದ ಅಲೆಯ ಮುಂದೊಂದು ಪುಟ್ಟ ತಗ್ಗು, ಅದರ ಹಿಂದೆ ಉಬ್ಬು. ಹುಡುಗರ ಕೈ ಅಲುಗಿತು ಎಂದು ಗದರಿಸಿ ಪಾಠ ಮುಗಿಸಿದೆ. ತಪ್ಪು ನನ್ನ ಗಂಟಿನದು. ಆ ಗಂಟಿನಲ್ಲಿ ಅರ್ಧ ಮೀಟರ್ ದಪ್ಪ ಹಗ್ಗ, ಅಂದರೆ 40 ಗ್ರಾಂ ಸೇರಿಕೊಂಡಿತ್ತು. ತೂಕವಿರುವ ಗಂಟು ತಕ್ಷಣ ಏಳುವುದಿಲ್ಲ. ಅದು ಹೊರಡಲು ತೆಗೆದುಕೊಳ್ಳುವ ಹೊತ್ತು ಹೆಚ್ಚುಕಡಿಮೆ ತೂಕವನ್ನು ಎರಡೂ ತಡೆಗಳ ಮೊತ್ತದಿಂದ ಭಾಗಿಸಿದಷ್ಟು: 0.04/2.4, ಸುಮಾರು 0.017 ಸೆಕೆಂಡು. ಅಷ್ಟು ಹೊತ್ತು ಗಂಟು ಗೋಡೆಯಂತೆ ವರ್ತಿಸಿ ತಗ್ಗನ್ನು ಹಿಂದಕ್ಕೆ ಕಳಿಸುತ್ತದೆ, ಆಮೇಲೆ ಮಿಗತೆಯ ಉಬ್ಬು ಬರುತ್ತದೆ. ಮರಳಿದ ಅಲೆಯ ಮುಂದೆ ತಗ್ಗು ಕಂಡರೆ ಗಂಟು ಭಾರವಾಗಿದೆ ಎಂದೇ ತಿಳಿಯಿರಿ. ದಪ್ಪ ಹಗ್ಗದ ತುದಿಯ ಹುರಿಯನ್ನು ನಾಲ್ಕು ಬೆರಳಷ್ಟು ಬಿಚ್ಚಿ, ತೆಳು ಹಗ್ಗವನ್ನು ಒಳಗಿಟ್ಟು ಮತ್ತೆ ಹೊಸೆದು, ಮೇಲೆ ಹೊಲಿಗೆ ದಾರ ಬಿಗಿದರೆ ಗಂಟೇ ಬೇಡ. ನಿಮ್ಮ ಮಲ್ಪೆಯಲ್ಲಿ ದೋಣಿಯ ಹಗ್ಗ ಜೋಡಿಸುವವರನ್ನು ಕೇಳಿದರೆ ನನಗಿಂತ ಚೆನ್ನಾಗಿ ಮಾಡಿ ತೋರಿಸುತ್ತಾರೆ.

ಕೊನೆಗೆ ಆ ಅತಿಥಿ. ದಪ್ಪ ಕಡೆ ನಿಂತು ಅಲೆ ಬಿಟ್ಟ ಕ್ಷಣವನ್ನು ಸೊನ್ನೆ ಎನ್ನಿ. 8 ಮೀಟರ್ ದಪ್ಪ ಹಗ್ಗವನ್ನು ಸೆಕೆಂಡಿಗೆ 20 ಮೀಟರಿನಂತೆ ದಾಟಿ ಅಲೆ 0.4 ಸೆಕೆಂಡಿಗೆ ಗಂಟನ್ನು ಮುಟ್ಟುತ್ತದೆ. ಅಲ್ಲಿಂದ 3 ಸೆಂಟಿಮೀಟರಿನ ನೆಟ್ಟಗಿನ ಅಲೆ ಹಿಂದಿರುಗಿ 0.8 ಸೆಕೆಂಡಿಗೆ ನಿಮ್ಮ ಕೈ ಸೇರುತ್ತದೆ. ಅತ್ತ 12 ಸೆಂಟಿಮೀಟರಿನ ಅಲೆ ತೆಳು ಹಗ್ಗದಲ್ಲಿ 0.2 ಸೆಕೆಂಡು ಓಡಿ ರಾಟೆಯನ್ನು ಮುಟ್ಟುತ್ತದೆ. ರಾಟೆ ಮೇಲೆ ಕೆಳಗೆ ಆಡುವುದಿಲ್ಲ, ಅದು ನಮ್ಮ ಲೆಕ್ಕಕ್ಕೆ ಗೋಡೆಯೇ. ಅಲೆ −12 ಆಗಿ ತಿರುಗಿ 0.8 ಸೆಕೆಂಡಿಗೆ ಮತ್ತೆ ಗಂಟಿಗೆ ಬರುತ್ತದೆ. ತೆಳುವಿನಿಂದ ದಪ್ಪಕ್ಕೆ ದಾಟುವಾಗ ಎತ್ತರದ ಮೂರರಲ್ಲಿ ಎರಡು ಪಾಲು ಉಳಿಯುತ್ತದೆ ಎಂದು ಆಗಲೇ ಕಂಡೆವು. ಹಾಗಾಗಿ −8 ಸೆಂಟಿಮೀಟರಿನ ಅಲೆ ದಪ್ಪ ಹಗ್ಗಕ್ಕೆ ನುಗ್ಗಿ 1.2 ಸೆಕೆಂಡಿಗೆ ನಿಮ್ಮ ಕೈಗೆ ಬರುತ್ತದೆ. ಮೊದಲು ಬಂದ 3 ಸೆಂಟಿಮೀಟರನ್ನು ಕಣ್ಣು ಗಮನಿಸಲಿಲ್ಲ. ಹಿಂದಿನಿಂದ ಬಂದ 8 ಸೆಂಟಿಮೀಟರಿನ ತಗ್ಗನ್ನು ಗಂಟಿನದೆಂದು ಭಾವಿಸಿತು.

ಮೊಬೈಲಿನಲ್ಲಿ ನಿಧಾನಗತಿಯ ವಿಡಿಯೋ ಇದ್ದರೆ ಇದನ್ನು ನೇರವಾಗಿ ಹಿಡಿಯಬಹುದು. ಸೆಕೆಂಡಿಗೆ 240 ಚಿತ್ರಗಳ ಲೆಕ್ಕದಲ್ಲಿ ಚಿತ್ರೀಕರಿಸಿ. ಮೊದಲು ಹಗ್ಗ ಸುಮ್ಮನಿರುವಾಗ ಒಂದು ಚಿತ್ರ ಇಟ್ಟುಕೊಳ್ಳಿ; ದಪ್ಪ ಹಗ್ಗ ತನ್ನ ಭಾರಕ್ಕೆ ಸ್ವಲ್ಪ ಜೋತಿರುತ್ತದೆ, ಎತ್ತರವನ್ನು ಆ ಜೋಲಿನಿಂದಲೇ ಅಳೆಯಬೇಕು. ಅಲೆ ಬಿಟ್ಟ ಕ್ಷಣದಿಂದ ಎಣಿಸಿದರೆ, ನಮ್ಮ ಹಗ್ಗಗಳಲ್ಲಿ ಅಲೆಯ ತಲೆ ಗಂಟನ್ನು ಮುಟ್ಟುವುದು 96ನೆಯ ಚಿತ್ರದಲ್ಲಿ, ಬಾಲ ಗಂಟು ಸೇರುವುದು 120ರಲ್ಲಿ, ರಾಟೆಯಿಂದ ಬಂದ ತಗ್ಗು ದಪ್ಪ ಹಗ್ಗಕ್ಕೆ ಕಾಲಿಡುವುದು 192ರಲ್ಲಿ. 120ರಿಂದ 192ರ ನಡುವೆ ದಪ್ಪ ಹಗ್ಗದ ಮೇಲೆ ಇರುವುದು ಗಂಟಿನಿಂದ ಮರಳಿದ ಅಲೆ ಒಂದೇ. ಅದು ನಿಮ್ಮ ಕೈ ಮೇಲಕ್ಕೆತ್ತಿದ ಕಡೆಗೇ ಉಬ್ಬಿರುತ್ತದೆ. ಬರಿಗಣ್ಣಿಗೇ ದೊಡ್ಡದಾಗಿ ಕಾಣಬೇಕೆಂದಿದ್ದರೆ ತೆಳು ಹಗ್ಗವನ್ನು ತೆಗೆದು ಅದರ ಜಾಗದಲ್ಲಿ ಒಂದು ಮಿಲಿಮೀಟರಿನ ಗಾಳದ ದಾರ ಕಟ್ಟಿ. ಅದರ ತೂಕ ಮೀಟರಿಗೆ ಒಂದು ಗ್ರಾಮಿನಷ್ಟೂ ಇಲ್ಲ, ತಡೆ ಸುಮಾರು 0.17. ಆಗ 9 ಸೆಂಟಿಮೀಟರಿನ ಅಲೆಗೆ ಗಂಟು 16 ಸೆಂಟಿಮೀಟರ್ ಚಿಮ್ಮುತ್ತದೆ, 7 ಸೆಂಟಿಮೀಟರಿನ ಉಬ್ಬು ನೆಟ್ಟಗೆ ನಿಮ್ಮ ಕೈಗೆ ಮರಳುತ್ತದೆ.